ಚಂದ್ರನ ಮೇಲಿನ ಅಚ್ಚು: ಫೋಟೊ ಯಾವುದು, ರಚಿಸಿದ್ದು ಯಾವುದು?

ಕೇಳುಗರಿಗೆ ನಮಸ್ಕಾರ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತು. ಅದರ ಬೆನ್ನಿಗೇ ಒಂದು ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಬೂದು ಮಣ್ಣಿನಲ್ಲಿ ನಮ್ಮ ರಾಷ್ಟ್ರಲಾಂಛನದ ಅಚ್ಚು, ಜೊತೆಗೆ ಇಸ್ರೊ ಗುರುತು. ಎಷ್ಟು ಅಚ್ಚುಕಟ್ಟು ಅಂದರೆ, ಮುದ್ರೆ ಒತ್ತಿ ಈಗಷ್ಟೇ ಎತ್ತಿದ ಹಾಗೆ.

ಅದು ಫೋಟೊ ಅಲ್ಲ. ಲಖನೌನ ಒಬ್ಬ ಬಾಹ್ಯಾಕಾಶ ಆಸಕ್ತರು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಅವರೇನೂ ಮೋಸ ಮಾಡಲು ಹೊರಟವರಲ್ಲ. ಚಿತ್ರದ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಹಾಕಿದ್ದರು. ಆದರೆ ಮೂಲೆಯಲ್ಲಿರುವ ಎರಡು ಅಕ್ಷರ ನೋಡಿ "ಇದು ಬಿಡಿಸಿದ್ದು" ಅಂತ ಯಾರಿಗೆ ಹೊಳೆಯಬೇಕು? ಸಹಿ ಯಾರು ಮಾಡಿದ್ದು ಅನ್ನುವುದನ್ನು ಹೇಳುತ್ತದೆ. ಏನು ಮಾಡಿದ್ದು ಅನ್ನುವುದನ್ನು ಹೇಳುವುದಿಲ್ಲ.

ನಂಬುವುದಕ್ಕೆ ಕಾರಣವೂ ಇತ್ತು. ಪ್ರಜ್ಞಾನ್ ರೋವರ್‌ನ ಹಿಂದಿನ ಚಕ್ರಗಳ ಮೇಲೆ ಆ ಎರಡು ಗುರುತುಗಳನ್ನು ನಿಜವಾಗಿಯೂ ಕೆತ್ತಿದ್ದರು. ಹಾಗಾದರೆ ಅಚ್ಚು ಮೂಡಲೇಬೇಕಲ್ವಾ? ಮೂಡಲಿಲ್ಲ. ಮೂಡಿದರೂ ಸ್ಪಷ್ಟವಾಗಿರಲಿಲ್ಲ. ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ಇದಕ್ಕೊಂದು ವಿವರಣೆ ಕೊಟ್ಟರು. ಅಲ್ಲಿನ ಮಣ್ಣು ನುಣ್ಣನೆ ಧೂಳಿನಂತಿಲ್ಲ, ಹೆಂಟೆ ಹೆಂಟೆಯಾಗಿದೆ, ಏನೋ ಅದನ್ನು ಹಿಡಿದಿಟ್ಟಿದೆ ಎಂದು. ಅಂದರೆ ಅಚ್ಚು ಮೂಡದೇ ಇದ್ದದ್ದೇ ಅಲ್ಲಿನ ಮಣ್ಣಿನ ಬಗ್ಗೆ ಒಂದು ಸುದ್ದಿ. ಆ ಚೆಂದದ ಚಿತ್ರ ನೋಡಿದ ಹುಡುಗನಿಗೆ ಈ ಸುದ್ದಿ ತಲುಪುವುದೇ ಇಲ್ಲ. ಅವನ ತಲೆಯಲ್ಲಿ ಈಗಾಗಲೇ ನುಣ್ಣನೆಯ ಮಣ್ಣು ಕೂತುಬಿಟ್ಟಿದೆ.

ಈಗ ಇದನ್ನು ಇನ್‌ಸ್ಟಾಗ್ರಾಮಿನ ಕ್ಯಾರೊಸೆಲ್‌ಗೆ ತರೋಣ. ಬೆರಳಿನಿಂದ ಸರಿಸುತ್ತ ಒಂದಾದ ಮೇಲೊಂದು ನೋಡುವ ಸ್ಲೈಡುಗಳ ಸಾಲು ಅದು. ಮೇಷ್ಟ್ರುಗಳು, ವಿಜ್ಞಾನದ ಗೆಳೆಯರು ಈಗ ಪಾಠವನ್ನೇ ಹಾಗೆ ಮಾಡುತ್ತಿದ್ದಾರೆ. ಹೈಸ್ಕೂಲ್ ಮಕ್ಕಳಿಗೆ ಚಂದ್ರಯಾನದ ಮೇಲೆ ನಾವೊಂದು ಮಾಡುತ್ತಿದ್ದೇವೆ ಅಂದುಕೊಳ್ಳಿ.

ಒಂದು ಸ್ಲೈಡಿನಲ್ಲಿ ಲ್ಯಾಂಡರ್ ಇಳಿಯುವ ದೃಶ್ಯ ಬೇಕು. ಅವತ್ತಿನ ನೇರಪ್ರಸಾರದಲ್ಲಿ ವಿಕ್ರಮ್ ಇಳಿಯುವುದನ್ನು ಪಕ್ಕದಿಂದ ನೋಡಿದೆವಲ್ಲ, ಅದನ್ನೇ ಹಾಕೋಣ ಅನಿಸುತ್ತದೆ. ಆಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕ್ಯಾಮೆರಾ ಹಿಡಿದು ಅಲ್ಲಿ ನಿಂತಿದ್ದವರು ಯಾರು? ಯಾರೂ ಇರಲಿಲ್ಲ. ಅದು ಆನಿಮೇಶನ್. ಲ್ಯಾಂಡರಿನ ಸ್ವಂತ ಕ್ಯಾಮೆರಾ ಇಳಿಯುವಾಗ ತೆಗೆದ ನಿಜವಾದ ವಿಡಿಯೊವನ್ನು ಇಸ್ರೊ ಮರುದಿನ, ಆಗಸ್ಟ್ 24ರಂದು ಬಿಟ್ಟಿತು. ಅದರಲ್ಲಿ ಲ್ಯಾಂಡರ್ ಕಾಣುವುದಿಲ್ಲ, ಕೆಳಗಿನ ನೆಲ ಕಾಣುತ್ತದೆ. ಆನಿಮೇಶನ್ ಹಾಕುವುದು ತಪ್ಪಲ್ಲ. ಕಾಲು ಹೇಗಿವೆ, ಎಂಜಿನ್ ಎಲ್ಲಿದೆ ಎಂದು ತೋರಿಸಲು ಅದೇ ಒಳ್ಳೆಯದು. ಆದರೆ ಚಿತ್ರದ ಮೇಲೇ ಬರೆಯಬೇಕು: "ಇದು ಫೋಟೊ ಅಲ್ಲ. ಇಸ್ರೊ ಆನಿಮೇಶನ್." ನಮ್ಮ ಪತ್ರಿಕೆಗಳಂತೆ "ಸಾಂದರ್ಭಿಕ ಚಿತ್ರ" ಅಂದರೆ ಸಾಲದು. ಬೇರೆಲ್ಲೋ ತೆಗೆದ ಅಸಲಿ ಫೋಟೊಕ್ಕೂ ಹಾಗೇ ಬರೆಯುತ್ತಾರಲ್ಲ.

ಇನ್ನೊಂದು ಸ್ಲೈಡಿಗೆ, ಆಗಸ್ಟ್ 30ರಂದು ಪ್ರಜ್ಞಾನ್ ತೆಗೆದ ವಿಕ್ರಮ್‌ನ ಫೋಟೊ. ಇದು ಅಸಲಿ, ಕಪ್ಪು ಬಿಳುಪು. ಸ್ವಲ್ಪ ಬೆಳಕು ಹೆಚ್ಚಿಸಿ, ಅಂಚು ಕತ್ತರಿಸಿದರೆ ದೊಡ್ಡ ವಿಷಯವೇನಲ್ಲ. "ಫೋಟೊ: ಪ್ರಜ್ಞಾನ್ ರೋವರ್, ಇಸ್ರೊ. ಬೆಳಕು ಹೆಚ್ಚಿಸಿದೆ" ಅಂದರೆ ಮುಗಿಯಿತು. ಬಣ್ಣ ತುಂಬಿದರೆ ಮಾತ್ರ ಲೆಕ್ಕ ಬೇರೆ. ಮಣ್ಣಿನ ಬಣ್ಣವೂ ಮಾಹಿತಿಯೇ. ಮಗು ಅದನ್ನೇ ಕಲಿಯುತ್ತದೆ. ಹಾಗಾಗಿ "ಮೂಲ ಕಪ್ಪು ಬಿಳುಪು, ಬಣ್ಣ ನಾವು ತುಂಬಿದ್ದು" ಎಂದು ಬರೆಯಲೇಬೇಕು. ನನ್ನನ್ನು ಕೇಳಿದರೆ ಬಣ್ಣ ತುಂಬಲೇಬೇಡಿ.

ಇವೆರಡರ ಮಧ್ಯದ್ದೂ ಒಂದಿದೆ. ಸೆಪ್ಟೆಂಬರ್ 5ರಂದು ಇಸ್ರೊ ಕೆಂಪು ನೀಲಿ ಕಲಸಿದಂಥ ಚಿತ್ರವೊಂದನ್ನು ಬಿಟ್ಟಿತು. ರೋವರ್‌ನ ಎಡ, ಬಲ ಕ್ಯಾಮೆರಾಗಳ ಎರಡು ಫೋಟೊ ಸೇರಿಸಿ ಮಾಡಿದ್ದು. ಎಡದ್ದು ಕೆಂಪಿನಲ್ಲಿ, ಬಲದ್ದು ನೀಲಿ ಹಸಿರಿನಲ್ಲಿ. ಬಣ್ಣದ ಕನ್ನಡಕ ಹಾಕಿ ನೋಡಿದರೆ ಆಳ ಕಾಣುತ್ತದೆ. ಇದು ಸುಳ್ಳಲ್ಲ, ಕಣ್ಣಿಗೆ ಹಾಗೆ ಕಾಣುವುದೂ ಅಲ್ಲ. ಇಲ್ಲಿ "ಎಡಿಟ್ ಮಾಡಿದ ಚಿತ್ರ" ಅಂತ ಸುಮ್ನೆ ಬರೆದರೆ ಅಸಲಿ ಫೋಟೊದ ಮೇಲೇ ಅನುಮಾನ ಹುಟ್ಟುತ್ತದೆ. ಏನು ಅಸಲಿ, ಏನು ಸೇರಿಸಿದ್ದು, ಎರಡನ್ನೂ ಹೇಳಬೇಕು: "ಎರಡು ನಿಜ ಫೋಟೊ ಸೇರಿಸಿದ್ದು. ಬಣ್ಣ ಆಳ ತೋರಿಸಲು ಮಾತ್ರ."

ಎಲ್ಲದಕ್ಕೂ ಒಂದೇ ಚೀಟಿ ಅಂಟಿಸಿದರೆ ಏನಾಗುತ್ತದೆ ಅನ್ನುವುದು 2024ರಲ್ಲೇ ಗೊತ್ತಾಯಿತು. ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿ "ಎಐನಿಂದ ಮಾಡಿದ್ದು" ಎಂಬ ಗುರುತು ಹಾಕಲು ಶುರುಮಾಡಿತು. ಸಣ್ಣದಾಗಿ ತಿದ್ದಿದ ನಿಜ ಫೋಟೊಗಳಿಗೂ ಅದೇ ಗುರುತು ಬಿತ್ತು. ಛಾಯಾಗ್ರಾಹಕರು ತಕರಾರು ತೆಗೆದರು. ಕಂಪನಿ ಆ ಮಾತನ್ನು "ಎಐ ಮಾಹಿತಿ" ಎಂದು ಬದಲಿಸಿತು. ಇಂಥ ಗುರುತು ಹಾಕಲು ಫೈಲಿನೊಳಗಿನ ಮಾಹಿತಿಯನ್ನೂ ನೋಡುತ್ತಾರೆ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ಆ ಮಾಹಿತಿ ಹೋಯಿತು. ಚಿತ್ರದ ಮೇಲೆ ನಾವು ಬರೆದ ಅಕ್ಷರ ಮಾತ್ರ ಉಳಿಯುತ್ತದೆ.

ಅದಕ್ಕೇ ಜಾಗ ಮುಖ್ಯ. ಪೋಸ್ಟಿನ ಕೆಳಗಿನ ಬರಹದಲ್ಲಿ ಹಾಕಿದರೆ "ಇನ್ನಷ್ಟು" ಒತ್ತಿದವರಿಗಷ್ಟೇ ಕಾಣುತ್ತದೆ. ಕೊನೆಯ ಸ್ಲೈಡಿನಲ್ಲಿ ಹಾಕಿದರೆ ಅಲ್ಲಿವರೆಗೆ ಹೋಗುವವರು ಕಡಿಮೆ. ಮೊದಲ ಸ್ಲೈಡಿನಲ್ಲಿ ಮಾತ್ರ ಹಾಕೋಣ ಅಂದರೆ, ಒಮ್ಮೆ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಎರಡನೇ ಸ್ಲೈಡಿನಿಂದಲೇ ತೋರಿಸುವುದುಂಟು. ಆದ್ದರಿಂದ ಆಯಾ ಚಿತ್ರದ ಮೇಲೆ, ತೀರಾ ಅಂಚಿಗಲ್ಲದೆ ಸ್ವಲ್ಪ ಒಳಗೆ ಬರೆಯಿರಿ. ಅಂಚಿನದು ಕತ್ತರಿಗೆ ಸುಲಭವಾಗಿ ಸಿಗುತ್ತದೆ.

ಅಕ್ಷರದ ಅಳತೆಯ ಬಗ್ಗೆ ಒಂದು ಮಾತು. ಸ್ಲೈಡಿನ ಅಗಲ 1080 ಪಿಕ್ಸೆಲ್ ಇದ್ದರೂ ಫೋನಿನಲ್ಲಿ ಅದು ಆರೇಳು ಸೆಂಟಿಮೀಟರ್ ಅಷ್ಟೇ. 20 ಪಿಕ್ಸೆಲ್ ಅಕ್ಷರ ಅಲ್ಲಿ ಸುಮಾರು ಒಂದು ಮಿಲಿಮೀಟರ್ ಆಗುತ್ತದೆ. ಕನ್ನಡದ ಒತ್ತಕ್ಷರಗಳು ಆಗ ಮುದ್ದೆಯಾಗುತ್ತವೆ. 40ರ ಆಸುಪಾಸು ಇಟ್ಟುಕೊಳ್ಳಿ. ಬೂದು ನೆಲದ ಮೇಲೆ ಬಿಳಿ ಅಕ್ಷರ ಕರಗಿಹೋಗುತ್ತದೆ, ಹಿಂದೆ ಕಪ್ಪು ಪಟ್ಟಿ ಹಾಕಿ. ಕಣ್ಣು ಕಾಣದವರಿಗಾಗಿ ಬರೆಯುವ ಚಿತ್ರವಿವರಣೆಯಲ್ಲೂ ಅದೇ ಮಾತು ಇರಲಿ.

ಇಷ್ಟೆಲ್ಲ ಮಾಡಿದರೂ ಕೆಲವು ಚಿತ್ರಗಳಿಗೆ ಬರಹ ಸಾಲುವುದಿಲ್ಲ. ಕಣ್ಣು ಮೊದಲು ಚಿತ್ರ ನೋಡುತ್ತದೆ, ಆಮೇಲೆ ಓದುತ್ತದೆ. ಅಸಲಿ ಫೋಟೊ ಹೇಳುವುದಕ್ಕೆ ರಚಿಸಿದ ಚಿತ್ರ ಉಲ್ಟಾ ಹೇಳುತ್ತಿದ್ದರೆ, ಅದನ್ನು ಬಿಟ್ಟುಬಿಡುವುದೇ ವಾಸಿ. ಲಾಂಛನದ ಅಚ್ಚು ಅಂಥದ್ದು. ಅದರ ಬದಲು ಆಗಸ್ಟ್ 28ರಂದು ಇಸ್ರೊ ಬಿಟ್ಟ ಫೋಟೊ ಹಾಕಿ. ಮುಂದೆ ನಾಲ್ಕು ಮೀಟರ್ ಅಗಲದ ಗುಂಡಿ ಕಂಡು ರೋವರ್ ಹಿಂದಿರುಗಿದಾಗಿನ ಅದರದೇ ಚಕ್ರದ ಜಾಡು. ಕೆಳಗೆ ಮಕ್ಕಳಿಗೊಂದು ಪ್ರಶ್ನೆ ಕೊಡಿ: ಚಕ್ರದಲ್ಲಿ ಲಾಂಛನ ಇದೆ, ನೆಲದ ಮೇಲೆ ಯಾಕೆ ಸರಿಯಾಗಿ ಮೂಡಲಿಲ್ಲ?

ಇದನ್ನೆಲ್ಲ ಹಾಕುವ ಮೊದಲೇ ನೋಡಿಕೊಳ್ಳಿ. ಕ್ಯಾರೊಸೆಲ್ ಒಮ್ಮೆ ಹೊರಗೆ ಬಿಟ್ಟ ಮೇಲೆ ಒಂದು ಸ್ಲೈಡನ್ನು ಅಳಿಸಬಹುದು, ಕೆಳಗಿನ ಬರಹ ತಿದ್ದಬಹುದು. ಅದೇ ಜಾಗದಲ್ಲಿ ತಿದ್ದಿದ ಚಿತ್ರ ಕೂರಿಸಲು ಬರುವುದಿಲ್ಲ, ಇಡೀ ಪೋಸ್ಟನ್ನೇ ಹೊಸದಾಗಿ ಹಾಕಬೇಕಾಗುತ್ತದೆ.

ನಮಸ್ಕಾರ.