‘ಸಿಗೋಣ’ ಅಂದರೆ ಯಾವಾಗ?

ಎಲ್ಲರಿಗೂ ನಮಸ್ಕಾರ. ಬೀಳ್ಕೊಡುಗೆ ಬಗ್ಗೆ ನಾಲ್ಕು ಮಾತಾಡಿ ಅಂತ ಕರೆದಿದ್ದೀರಿ. ನಾನೋ, ನನ್ನ ಸ್ವಂತ ಬೀಳ್ಕೊಡುಗೆಯನ್ನೇ ಕೆಡಿಸಿಕೊಂಡವನು. ಹಾಗಾಗಿ ಆ ಕತೆಯನ್ನೇ ಹೇಳಿಬಿಡುತ್ತೇನೆ.

ಇಲ್ಲಿ ಕೂತಿರುವ ಹಲವರಿಗೆ ಗೊತ್ತು, ನಾನು ತುಮಕೂರಿನಿಂದ ಬೆಂಗಳೂರಿಗೆ 19 ವರ್ಷ ದಿನಾ ರೈಲಿನಲ್ಲಿ ಓಡಾಡಿದೆ. ಒಂದು ಕಡೆಗೆ ಸುಮಾರು 70 ಕಿಲೋಮೀಟರ್. ಹೀಗೆ ಓಡಾಡುವವರಿಗೆ ಒಂದು ಬೋಗಿ ಅಂತ ಇರುತ್ತದೆ. ಬೋಗಿಯಲ್ಲಿ ಒಂದು ಜಾಗ, ಆ ಜಾಗದ ಸುತ್ತ ಹತ್ತು ಹದಿನೈದು ಮುಖಗಳು. ಯಾರು ಬಂದಿಲ್ಲವೋ ಅವರ ಸೀಟಿಗೆ ಟವೆಲ್ ಹಾಕುತ್ತೇವೆ. ಯಾರ ಮಗಳ ಪರೀಕ್ಷೆ, ಯಾರ ಸಕ್ಕರೆ ಕಾಯಿಲೆ, ಎಲ್ಲ ಗೊತ್ತು. ಆದರೆ ಅವರ ಮನೆ ಯಾವ ಬೀದಿಯಲ್ಲಿದೆ ಅಂತ ಕೇಳಿ, ಅರ್ಧ ಜನರದು ನನಗೆ ಗೊತ್ತಿಲ್ಲ.

ನಿವೃತ್ತಿಯ ದಿನ ಬಂತು. ಅದು ತಿಂಗಳ ಕೊನೆ ದಿನ, ಸಂಜೆ ರೈಲು. ಬೋಗಿಯವರು ಒಂದು ಹಾರ, ಒಂದು ಶಾಲು ತಂದಿದ್ದರು. ನಾನು ಎದ್ದು ನಿಂತು ಮಾತು ಶುರು ಮಾಡಿದೆ. ದೊಡ್ಡಬೆಲೆ ದಾಟಿದಾಗ ಶುರುವಾದದ್ದು, ಹಿರೇಹಳ್ಳಿ ಬಂದರೂ ಮುಗಿಯಲಿಲ್ಲ. ನನ್ನ ಅಪ್ಪ ತೀರಿಕೊಂಡ ದಿನದ ಮಾತು, ಕೆಲಸ ಬಿಡೋಣ ಅನ್ನಿಸಿದ ವರ್ಷದ ಮಾತು, ಎಲ್ಲವನ್ನೂ ಹೇಳಿದೆ. ಕಣ್ಣಲ್ಲಿ ನೀರೂ ಬಂತು. ಪಕ್ಕದಲ್ಲಿ ಒಬ್ಬ ಹುಡುಗ ಇದ್ದ, ಬೋಗಿಗೆ ಸೇರಿ ಎಂಟು ತಿಂಗಳೂ ಆಗಿರಲಿಲ್ಲ. ಅವನು ಮೊಬೈಲ್ ನೋಡಬೇಕೋ ನನ್ನ ಮುಖ ನೋಡಬೇಕೋ ಗೊತ್ತಾಗದೆ ಒದ್ದಾಡುತ್ತಿದ್ದ. ಕ್ಯಾತ್ಸಂದ್ರ ಬಂದಾಗ ಎಲ್ಲರೂ ಅಭ್ಯಾಸದಂತೆ ಬ್ಯಾಗ್ ಇಳಿಸಿಕೊಂಡರು. ನಾನಿನ್ನೂ ಮಾತಾಡುತ್ತಲೇ ಇದ್ದೆ.

ಆ ರಾತ್ರಿ ನನ್ನ ಮೊಬೈಲಲ್ಲಿದ್ದ ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿದೆ. ‘ಇಷ್ಟು ವರ್ಷ ನೀಡಿದ ಸಹಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮೆ ಇರಲಿ.’ ಅದು ತಿಪಟೂರು ಕಡೆಯ ನನ್ನ ಗೆಳೆಯನಿಗೂ ಹೋಯಿತು. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು, ನನ್ನ ಮನೆ ಸಾಲಕ್ಕೆ ಜಾಮೀನು ಹಾಕಿದವನು. ಬೆಳಿಗ್ಗೆ ಫೋನ್ ಮಾಡಿದ. ಒಂದೇ ಮಾತು: ‘ಏನೋ, ನನ್ನ ಸಹಕಾರಕ್ಕೂ ಧನ್ಯವಾದನಾ?’

ಬೋಗಿಯಲ್ಲಿ ಸುರಿದ ಮಾತಿನಲ್ಲಿ ಕಾಲು ಭಾಗ ಅವನಿಗೆ ಹೋಗಬೇಕಿತ್ತು. ಅವನಿಗೆ ಕಳಿಸಿದ ಎರಡು ಸಾಲು ಬೋಗಿಗೆ ಸಾಕಿತ್ತು. ಅದಲುಬದಲಾಗಿ ಹೋಯಿತು.

ಯಾಕೆ ಹೀಗಾಯಿತು ಅಂತ ಆಮೇಲೆ ಬಹಳ ಯೋಚಿಸಿದೆ. ನಾನು ವರ್ಷ ಎಣಿಸಿದ್ದೆ. 19 ವರ್ಷ ದಿನಾ ನೋಡಿದವರು, ಅಂದಮೇಲೆ ಹತ್ತಿರದವರು ಅಂದುಕೊಂಡಿದ್ದೆ. ವರ್ಷ ಅಳತೆಗೋಲು ಅಲ್ಲ. ಈಗ ನಾನು ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ರೈಲು ಇಲ್ಲದಿದ್ದರೆ ನಾವಿಬ್ಬರು ಸಿಗುತ್ತಿದ್ದೆವಾ? ಇಲ್ಲ ಅಂದರೆ ಆ ಸ್ನೇಹ ಆ ಜಾಗದ್ದು. ಅದರಲ್ಲಿ ಕೊರತೆ ಏನೂ ಇಲ್ಲ, ಚೆನ್ನಾಗಿಯೇ ಇತ್ತು. ಆದರೆ ಬೀಳ್ಕೊಡುಗೆಯೂ ಆ ಜಾಗದ ಮಾತೇ ಆಗಿರಬೇಕು. ಟವೆಲ್ ಹಾಕಿದ್ದು, ರೈಲು ತಡವಾದಾಗ ಹಂಚಿಕೊಂಡ ಕಡ್ಲೆಕಾಯಿ. ನಿಮ್ಮ ಅಪ್ಪನ ಸಾವು ಅಲ್ಲಿ ಬೇಡ.

ಇನ್ನೊಂದು ಕಾರಣವೂ ಇದೆ. ಯಾರೇ ಆಗಲಿ ಎದುರಿಗೆ ಅತ್ತರೆ, ಎದುರಿಗಿರುವವರು ಏನಾದರೂ ಕೊಡಲೇಬೇಕಾಗುತ್ತದೆ. ಸಮಾಧಾನವೋ, ಕಣ್ಣೀರೋ, ಹೊಗಳಿಕೆಯೋ. ಗೆಳೆಯನ ಬಳಿ ಅದು ಇರುತ್ತದೆ. ಪರಿಚಯದವರ ಬಳಿ ಇರುವುದಿಲ್ಲ, ಪಾಪ, ಇದ್ದಂತೆ ನಟಿಸಬೇಕಾಗುತ್ತದೆ. ಅಳತೆ ಮೀರಿದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ‘ಅಯ್ಯೋ, ಇರಲಿ ಬಿಡಿ ಸಾರ್’ ಅನ್ನುವ ಮಾತು ಮೂರು ಸಲ ಬಂತು ಅಂದುಕೊಳ್ಳಿ, ಮೀರಿದೆ. ಮೊದಲನೆಯದು ಪ್ರೀತಿ. ಮೂರನೆಯದು ‘ಸಾಕು’ ಅಂತ.

ಈಗ ಆ ಮೆಸೇಜನ್ನೇ ಮತ್ತೆ ಬರೆಯೋಣ. ಬೋಗಿಯ ಗುಂಪಿಗೆ ನಾನು ಇವತ್ತು ಬರೆಯುವುದಾದರೆ ಹೀಗೆ: ‘ನಾಳೆಯಿಂದ ಕಿಟಕಿ ಪಕ್ಕದ ಸೀಟು ಖಾಲಿ, ಜಗಳ ಆಡದೆ ಹಂಚಿಕೊಳ್ಳಿ. 19 ವರ್ಷ ನನ್ನ ಟವೆಲ್ ಕಾದಿದ್ದಕ್ಕೆ ನಿಮಗೆಲ್ಲ ಥ್ಯಾಂಕ್ಸ್. ಸಿಗೋಣ.’ ಇಷ್ಟೇ. ಓದಿದವರು ನಗುತ್ತಾರೆ, ಒಂದು ಕೈಮುಗಿದ ಚಿತ್ರ ಹಾಕುತ್ತಾರೆ, ಯಾರ ಮೇಲೂ ಭಾರ ಇಲ್ಲ. ‘ನೋಯಿಸಿದ್ದರೆ ಕ್ಷಮೆ ಇರಲಿ’ ತೆಗೆದುಹಾಕಿದ್ದೇನೆ. ಸುಮ್ನೆ ಹಾಗೆ ಬರೆದರೆ ನಿಜವಾಗಿ ನೊಂದವನಿಗೆ ಸಿಟ್ಟು ಬರುತ್ತದೆ, ನೋಯದವನಿಗೆ ಏನಪ್ಪಾ ವಿಷಯ ಅಂತ ಅನುಮಾನ ಬರುತ್ತದೆ. ಯಾರನ್ನಾದರೂ ನೋಯಿಸಿದ್ದು ನೆನಪಿದ್ದರೆ ಅವರೊಬ್ಬರ ಹತ್ತಿರ ಹೋಗಿ ಹೇಳಿ.

ಆ ‘ಸಿಗೋಣ’ ಇದೆಯಲ್ಲ, ಅದನ್ನು ಸ್ವಲ್ಪ ನೋಡಿ. ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಬಾಯಿ ತಪ್ಪಿ ಹೋಗ್ತೀನಿ ಅಂದರೆ ಮನೆಯ ಹಿರಿಯರು ಅಲ್ಲೇ ತಿದ್ದುತ್ತಾರೆ. ‘ಸಿಗೋಣ’, ‘ಮನೆಗೆ ಬನ್ನಿ’ ಕೂಡ ಅದೇ ಜಾತಿಯ ಮಾತುಗಳು. ಪರಿಚಯದವರಿಗೆ ಹೇಳಿದರೆ ಅದು ಮರ್ಯಾದೆ. ಯಾವತ್ತು ಅಂತ ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ದಿನ ಗೊತ್ತು ಮಾಡಲು ಹೊರಟರೆ ಅವರಿಗೇ ಗಾಬರಿ. ಅದೇ ಮಾತನ್ನು ಗೆಳೆಯನಿಗೆ ದಿನ ಹೇಳದೆ ಹೇಳಿ ನೋಡಿ, ಅವನಿಗೆ ಬಾಗಿಲು ಮುಚ್ಚಿದ ಸದ್ದು ಕೇಳುತ್ತದೆ. ಗೆಳೆಯನಿಗೆ ‘ಸಿಗೋಣ’ ಅನ್ನುವಾಗ ಜೊತೆಗೆ ವಾರ ಇರಬೇಕು, ಹೊತ್ತು ಇರಬೇಕು, ಎಲ್ಲಿ ಅನ್ನುವುದಿರಬೇಕು.

ಗೆಳೆಯರ ವಿಷಯದಲ್ಲಿ ನಾವು ಗಂಡಸರು ಮಾಡುವ ತಪ್ಪು ಇನ್ನೊಂದು. ‘ನಮ್ಮಿಬ್ಬರಲ್ಲಿ ಅದೆಲ್ಲ ಯಾಕೆ’ ಅಂತ ಏನೂ ಹೇಳದೆ ಇದ್ದುಬಿಡುತ್ತೇವೆ. ಅವನಿಗೆ ಗೊತ್ತಿರುತ್ತದೆ, ಅಲ್ವಾ? ಗೊತ್ತಿರುತ್ತದೆ. ಆದರೂ ಒಂದು ಮಾತು ಬೇಕು. ಉದ್ದ ಬೇಡ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಸಾಕು. ಅದನ್ನು ಎಲ್ಲರೆದುರು ಮೈಕಿನಲ್ಲಿ ಹೇಳಬೇಡಿ. ಜಾಮೀನು ಹಾಕಿದ್ದನ್ನು ಸಭೆಯಲ್ಲಿ ಹೇಳಿದರೆ ಅವನಿಗೆ ಮುಜುಗರ, ಅವನ ಹೆಂಡತಿಗೆ ಹೊಸ ಸುದ್ದಿ. ಇನ್ನು, ಸುದ್ದಿ ಯಾರಿಗೆ ಮೊದಲು ಅನ್ನುವ ಸರದಿ. ನೀವು ಹೊರಡುವ ವಿಷಯ ಹತ್ತಿರದವರಿಗೆ ಎರಡು ಮೂರು ವಾರ ಮೊದಲೇ, ಮುಖತಃ ತಿಳಿಯಬೇಕು. ಗುಂಪಿಗೆ ಕೊನೆಯ ದಿನ ಹೇಳಿದರೂ ನಡೆಯುತ್ತದೆ. ಗುಂಪಿನ ಮೆಸೇಜಿನಿಂದ ಗೆಳೆಯನಿಗೆ ಗೊತ್ತಾದರೆ, ಆಮೇಲೆ ಎಂಥ ಚಂದದ ಮಾತಾಡಿದರೂ ಹತ್ತುವುದಿಲ್ಲ.

ನಡುವಿನವರು ಕಷ್ಟ. ನೀವು ಪರಿಚಯ ಅಂದುಕೊಂಡವರು ನಿಮ್ಮನ್ನು ಅಣ್ಣ ಅಂದುಕೊಂಡಿರುತ್ತಾರೆ. ನಮ್ಮ ಬೋಗಿಯಲ್ಲಿ ಒಬ್ಬಾಕೆ ಇದ್ದರು, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಆ ಸಂಜೆ ಮನೆಯಿಂದ ಕೋಡುಬಳೆ ಮಾಡಿ ತಂದಿದ್ದರು. ಡಬ್ಬಿ ಕೈಗಿಟ್ಟು, ‘ಅಣ್ಣ, ನೀವು ಇದ್ದಿದ್ದಕ್ಕೆ ರಾತ್ರಿ ರೈಲಿಗೆ ನಮ್ಮ ಮನೇಲಿ ಒಪ್ಪಿಕೊಂಡರು’ ಅಂದರು. ನಾನು ಹೋಗುತ್ತಿದ್ದೆ, ಬರುತ್ತಿದ್ದೆ, ಅಷ್ಟೇ. ನನಗೆ ಇದು ಗೊತ್ತೇ ಇರಲಿಲ್ಲ. ಇಂಥ ಕಡೆ ನಮ್ಮ ಲೆಕ್ಕ ಬದಿಗಿಟ್ಟು, ಅವರು ಎಷ್ಟು ಹತ್ತಿರ ಬಂದರೋ ಅಷ್ಟು ಹತ್ತಿರ ಹೋಗಬೇಕು. ನಾನು ಭಾಷಣದ ಅವಸರದಲ್ಲಿ ‘ಆಯ್ತಮ್ಮ’ ಅಂದೆ. ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ.

ಗೆಳೆಯನ ಕತೆ ಮುಗಿಸಿಬಿಡುತ್ತೇನೆ. ಫೋನ್ ಇಟ್ಟ ಮೇಲೆ ಮುಂದಿನ ಭಾನುವಾರ ತಿಪಟೂರು ಬಸ್ ಹತ್ತಿದೆ. ಅವನ ತೋಟದಲ್ಲಿ ಎಳನೀರು ಕುಡಿದೆವು. ಮೆಸೇಜಿನ ವಿಷಯ ಅವನೂ ಎತ್ತಲಿಲ್ಲ. ಸಂಜೆ ಬಸ್ ಸ್ಟ್ಯಾಂಡ್‌ವರೆಗೂ ಬಂದ. ನಾನು, ‘ಆ ಜಾಮೀನಿನ ದಿನ ನೀನು ಪೆನ್ ನನ್ನ ಹತ್ತಿರಾನೇ ಇಸಕೊಂಡೆ ಕಣೋ’ ಅಂದೆ. ‘ಹೂಂ, ವಾಪಸ್ ಕೊಡಲಿಲ್ಲ’ ಅಂದ. ಬಸ್ ಹೊರಟಿತು. ಕಿಟಕಿ ಹತ್ತಿರ ಬಂದು, ‘ಯುಗಾದಿಗೆ ಬರೋವಾಗ ಹಿಂದಿನ ದಿನಾನೇ ಬಾ’ ಅಂತ ಕೂಗಿದ.