9000 ಫ್ರೇಮುಗಳಲ್ಲಿ ಅಡಗಿರುವ ಗುರು

ಕೇಳುಗರೇ, ನಮಸ್ಕಾರ. ದೂರದರ್ಶಕಕ್ಕೆ ಕ್ಯಾಮೆರಾ ಹಾಕಿ ಗುರುಗ್ರಹದ ಒಂದೇ ಒಂದು ಫೋಟೋ ತೆಗೆದರೆ ಎರಡು ಮಸುಕು ಪಟ್ಟೆ ಕಂಡರೆ ಹೆಚ್ಚು. ಅದೇ ದೂರದರ್ಶಕದಲ್ಲಿ ಪಟ್ಟೆಗಳ ಅಂಚಿನ ಸುರುಳಿಗಳನ್ನೂ ತೋರಿಸುವವರಿದ್ದಾರೆ. ಅವರು ಫೋಟೋ ತೆಗೆಯಲ್ಲ, ವಿಡಿಯೋ ತೆಗೆಯುತ್ತಾರೆ.

ಮಸುಕು ಮಾಡೋದು ಗಾಳಿ. ನಮ್ಮ ಚಿತ್ರದುರ್ಗದಲ್ಲಂತೂ ಬಂಡೆಗಳು ಹಗಲೆಲ್ಲ ಕಾದು, ಕತ್ತಲಾದ ಮೇಲೂ ಎಷ್ಟೋ ಹೊತ್ತು ಬಿಸಿ ಬಿಡುತ್ತಲೇ ಇರುತ್ತವೆ, ಮನೆಯ ತಾರಸಿಯೂ ಅಷ್ಟೇ. ಆ ಬಿಸಿಗಾಳಿಯಲ್ಲಿ ಗ್ರಹ ಅಲುಗಾಡುತ್ತೆ, ಅಂಚು ಕದಡುತ್ತೆ. ನಡುವೆ ಎಲ್ಲೋ ಒಂದು ಕ್ಷಣ ಗಾಳಿ ಸುಮ್ಮನಾಗುತ್ತೆ. ಆ ಕ್ಷಣ ನಮಗೆ ಬೇಕು.

ಆರು ಇಂಚಿನ ದೂರದರ್ಶಕ ಅಂದುಕೊಳ್ಳಿ. ಸೆಕೆಂಡಿಗೆ 100 ಫ್ರೇಮು, ಅಂದರೆ 100 ಬಿಡಿ ಚಿತ್ರದಂತೆ 90 ಸೆಕೆಂಡು ತೆಗೆದರೆ 9000 ಫ್ರೇಮು. ಆಟೋಸ್ಟಾಕರ್ಟ್ ಅನ್ನೋ ಉಚಿತ ತಂತ್ರಾಂಶ ಅವನ್ನು ಸ್ಪಷ್ಟತೆಯ ಪ್ರಕಾರ ಸಾಲಾಗಿ ಜೋಡಿಸುತ್ತೆ. ಮೇಲಿನ 900 ಇಟ್ಟುಕೊಂಡು ಉಳಿದದ್ದು ಬಿಟ್ಟುಬಿಡಿ. ಗಾಳಿ ಗ್ರಹದ ಒಂದೊಂದು ಭಾಗವನ್ನು ಒಂದೊಂದು ಕಡೆ ಎಳೆದಿರುತ್ತೆ ಅಲ್ವಾ, ಅದಕ್ಕೇ ಈ ತಂತ್ರಾಂಶ ಚಿತ್ರವನ್ನು ಸಣ್ಣ ಸಣ್ಣ ತುಣುಕು ಮಾಡಿ, ತುಣುಕು ತುಣುಕಾಗಿ ಹೊಂದಿಸಿ ಸರಾಸರಿ ತೆಗೆಯುತ್ತೆ.

ಬಂದ ಚಿತ್ರ ನೋಡಿದರೆ ನಿರಾಸೆಯಾಗಬಹುದು, ಅದೂ ಮಸುಕೇ! ಆದರೆ ಕಾಳುಕಾಳಾದ ನಾಯ್ಸ್ ಹೋಗಿರುತ್ತೆ. 900ರ ವರ್ಗಮೂಲ 30, ಹಾಗಾಗಿ ನಾಯ್ಸ್ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಒಂದೇ ಫ್ರೇಮನ್ನು ಶಾರ್ಪ್ ಮಾಡಹೋದರೆ ವಿವರದ ಜೊತೆ ಕಾಳೂ ಎದ್ದು ನಿಲ್ಲುತ್ತೆ. ಇಲ್ಲಿ ಆ ಕಾಟ ಕಡಿಮೆ, ಧೈರ್ಯವಾಗಿ ವೇವ್ಲೆಟ್ ಶಾರ್ಪನಿಂಗ್, ಅಂದರೆ ಸಣ್ಣ ದೊಡ್ಡ ವಿವರಗಳನ್ನು ಬೇರೆಬೇರೆಯಾಗಿ ಚೂಪು ಮಾಡೋ ಕೆಲಸ, ಮಾಡಬಹುದು. ನಿಜವಾದ ಚಿತ್ರ ಹುಟ್ಟೋದು ಆಗಲೇ.

ಹಾಗಾದರೆ ಅರ್ಧ ಗಂಟೆ ವಿಡಿಯೋ ಯಾಕೆ ಬೇಡ? ಗುರು ಸುಮಾರು 9 ಗಂಟೆ 55 ನಿಮಿಷಕ್ಕೇ ಒಂದು ಸುತ್ತು ತಿರುಗಿಬಿಡುತ್ತಾನೆ. ಅವನ ನಡುಭಾಗದ ಮಚ್ಚೆ ಮೂರು ನಿಮಿಷದಲ್ಲಿ ಸುಮಾರು 0.7 ಆರ್ಕ್‌ಸೆಕೆಂಡು ಸರಿಯುತ್ತೆ, ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲಿನ ಮುಕ್ಕಾಲಿಗೆ ಹತ್ತಿರ. ಆರು ಇಂಚಿನ ದೂರದರ್ಶಕ ಬೇರೆಬೇರೆಯಾಗಿ ತೋರಿಸಬಲ್ಲ ಅತಿ ಸಣ್ಣ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಉದ್ದದ ವಿಡಿಯೋದಲ್ಲಿ ಮಚ್ಚೆ ಕಲಸಿಹೋಗುತ್ತೆ. ಎಷ್ಟು ಫ್ರೇಮು ಪೇರಿಸಿದರೂ ದೂರದರ್ಶಕದ ಆ ಮಿತಿ ದಾಟಲಾಗಲ್ಲ. ಫೋಕಸ್ ತಪ್ಪಿದ್ದರಂತೂ 9000 ಫ್ರೇಮೂ ದಂಡ. ಗುರುವಿನ ಪಕ್ಕದ ಒಂದು ಚಂದ್ರ ಆದಷ್ಟು ಸಣ್ಣ ಚುಕ್ಕೆಯಾಗೋವರೆಗೆ ಗುಂಡಿ ತಿರುಗಿಸಿ, ಆಮೇಲೆ ವಿಡಿಯೋ ಶುರುಮಾಡಿ.

ಇನ್ನೊಂದು ಅಪಾಯ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಶಾರ್ಪನಿಂಗ್ ಅತಿಯಾದರೆ ಗ್ರಹದ ಅಂಚಿನಲ್ಲಿ ಇಲ್ಲದ ಬಿಳಿ ಗೆರೆ ಬರುತ್ತೆ, ಮೈಮೇಲೆ ಇಲ್ಲದ ಮಚ್ಚೆ ಮೂಡುತ್ತೆ. ಅನುಮಾನ ಬಂದರೆ ಬೆನ್ನುಬೆನ್ನಿಗೆ ಎರಡು ವಿಡಿಯೋ ತೆಗೆದು ಬೇರೆಬೇರೆಯಾಗಿ ಪೇರಿಸಿ ನೋಡಿ. ಎರಡರಲ್ಲೂ ಇದ್ದು, ಎರಡನೆಯದರಲ್ಲಿ ಗ್ರಹದ ಜೊತೆಗೇ ಚೂರು ಸರಿದಿದ್ದರೆ ಆ ಮಚ್ಚೆ ಗುರುವಿನದೇ.