ಎರಡೆಳೆ ಸರದ ಬಡ್ಡಿ

ಕೇಳುಗರಿಗೆ ನಮಸ್ಕಾರ.

ಬ್ಯಾಂಕಿನ ಒಡವೆ ಸಾಲದ ಕೌಂಟರಿನಲ್ಲಿ ನಾನು ಬಹಳ ವರ್ಷ ಕುಳಿತಿದ್ದೆ. ಒಮ್ಮೆ ಒಬ್ಬ ತಾಯಿ ಮಗಳ ಕಾಲೇಜು ಶುಲ್ಕಕ್ಕೆಂದು ಎರಡೆಳೆ ಸರ ತಂದಿದ್ದರು. ಅಕ್ಕಸಾಲಿಗರು ಸರವನ್ನು ಒರೆಗಲ್ಲಿಗೆ ಉಜ್ಜಿ, ತೂಗಿ, ಚೀಟಿ ಬರೆದರು. ಆಗ ಆಕೆ ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಸರ್, ತಿಂಗಳು ತಿಂಗಳು ಬಡ್ಡಿ ಕಟ್ಟಿದರೆ ಲಾಭವೋ, ವರ್ಷದ ಕೊನೆಗೆ ಒಟ್ಟಿಗೆ ಕಟ್ಟಿದರೆ ಲಾಭವೋ?" ಹಿಂದೆ ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಅಂದು ಅವಸರದಲ್ಲಿ ನಾನು ಕೊಟ್ಟ ಉತ್ತರ ಅರ್ಧ ಮಾತ್ರ. ಉಳಿದರ್ಧ ಈಗ ಹೇಳುತ್ತೇನೆ.

ಅಸಲು, ಬಡ್ಡಿ ಎರಡನ್ನೂ ಅವಧಿಯ ಕೊನೆಗೆ ಒಂದೇ ಏಟಿಗೆ ತೀರಿಸುವುದಕ್ಕೆ ಬ್ಯಾಂಕಿನವರು ಬುಲೆಟ್ ಮರುಪಾವತಿ ಎನ್ನುತ್ತಾರೆ. ಇನ್ನೊಂದು ಬಗೆಯಲ್ಲಿ ಅಸಲು ಹಾಗೆಯೇ ಇರುತ್ತದೆ, ಬಡ್ಡಿಯನ್ನು ಮಾತ್ರ ಪ್ರತಿ ತಿಂಗಳು ಕಟ್ಟುತ್ತಾ ಹೋಗಬೇಕು.

ಲೆಕ್ಕಕ್ಕೆ 1,00,000 ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 12 ಬಡ್ಡಿ, 12 ತಿಂಗಳ ಅವಧಿ ಎಂದು ಇಟ್ಟುಕೊಳ್ಳೋಣ. ನಮ್ಮ ಆಡುಮಾತಿನಲ್ಲಿ ಇದು ನೂರಕ್ಕೆ ಒಂದು ರೂಪಾಯಿ ಬಡ್ಡಿ. ತಿಂಗಳ ಬಡ್ಡಿ 1,000 ರೂಪಾಯಿ, ಹನ್ನೆರಡು ತಿಂಗಳಿಗೆ 12,000. ನಿಜದಲ್ಲಿ ಬ್ಯಾಂಕು ದಿನ ಎಣಿಸಿ ಬಡ್ಡಿ ಹಾಕುತ್ತದೆ, ಆದ್ದರಿಂದ 31 ದಿನದ ತಿಂಗಳಿಗೆ 1,019 ರೂಪಾಯಿ ಬಂದರೆ ಗಾಬರಿಯಾಗಬೇಡಿ. ಫೆಬ್ರವರಿಯಲ್ಲಿ ಅದು 921ಕ್ಕೆ ಇಳಿಯುತ್ತದೆ.

ಇನ್ನು ಬುಲೆಟ್. ಇಲ್ಲಿ ಮೊದಲ ತಿಂಗಳ 1,000 ರೂಪಾಯಿಯನ್ನು ನೀವು ಕಟ್ಟುವುದಿಲ್ಲ. ಅದು ಅಸಲಿಗೆ ಸೇರಿ ಬಾಕಿ 1,01,000 ಆಗುತ್ತದೆ. ಎರಡನೆಯ ತಿಂಗಳ ಬಡ್ಡಿ ಇದರ ಮೇಲೆ, ಅಂದರೆ 1,010, ಬಾಕಿ 1,02,010. ಮೂರನೆಯ ತಿಂಗಳಿಗೆ 1,03,030. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒಂದು ಲಕ್ಷವನ್ನು 1.01ರಿಂದ ಹನ್ನೆರಡು ಸಲ ಗುಣಿಸಿದರೆ 1,12,682 ರೂಪಾಯಿ 50 ಪೈಸೆ ಬರುತ್ತದೆ. ತಿಂಗಳ ಲೆಕ್ಕಕ್ಕಿಂತ 682 ರೂಪಾಯಿ ಹೆಚ್ಚು.

ಅಂದು ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ತಿಂಗಳು ತಿಂಗಳು ಕಟ್ಟಿ, 682 ರೂಪಾಯಿ ಉಳಿಯುತ್ತದೆ." ಲೆಕ್ಕ ಸರಿ, ಸಲಹೆ ಅರೆಬೆಂದದ್ದು.

ಏಕೆಂದರೆ ಈ 682 ರೂಪಾಯಿ ದಂಡವಲ್ಲ, ಬಡ್ಡಿಯ ಹಣವನ್ನು ಅಷ್ಟು ದಿನ ನಿಮ್ಮ ಕೈಯಲ್ಲೇ ಇಟ್ಟುಕೊಂಡದ್ದರ ಬಾಡಿಗೆ. ಮೊದಲ ಸಾವಿರ ನಿಮ್ಮ ಬಳಿ 11 ತಿಂಗಳು ಹೆಚ್ಚಿಗೆ ಉಳಿಯಿತು, ಎರಡನೆಯದು 10 ತಿಂಗಳು. ಹೀಗೆ ಕೂಡಿಸುತ್ತಾ ಹೋದರೆ ಒಂದು ಸಾವಿರವನ್ನು 66 ತಿಂಗಳು ಬಳಸಿದಂತಾಯಿತು. ತಿಂಗಳಿಗೆ 10 ರೂಪಾಯಿಯಂತೆ 660. ಮೇಲಿನ ಚಿಲ್ಲರೆ ಚಕ್ರಬಡ್ಡಿಯ ಪಾಲು.

ಹಾಗಾದರೆ ಆ ಸಾವಿರ ಎಲ್ಲಿಂದ ಬರುತ್ತದೆ ಎಂಬುದೇ ಪ್ರಶ್ನೆ. ಸಂಬಳದವರ ಉಳಿತಾಯ ಖಾತೆಯಲ್ಲಿ ಅದು ಸುಮ್ಮನೆ ಬಿದ್ದಿದ್ದರೆ, ಶೇಕಡಾ 3ರ ಲೆಕ್ಕದಲ್ಲಿ ಅದೇ 66 ತಿಂಗಳಿಗೆ ಸಿಗುವುದು ಸುಮಾರು 165 ರೂಪಾಯಿ. 165 ಗಳಿಸಲು 682 ಕೊಡುವುದು ಬುದ್ಧಿವಂತಿಕೆಯಲ್ಲ. ಅವರು ತಿಂಗಳ ಬಡ್ಡಿ ಕಟ್ಟುವುದೇ ಸರಿ. ಆದರೆ ಅಡಿಕೆ ಕೊಯ್ಲಿನ ಮೇಲೆ ಮಾತ್ರ ದುಡ್ಡು ಕಾಣುವ ಬೆಳೆಗಾರರು, ಬಡ್ಡಿ ಕಟ್ಟಲು ಪ್ರತಿ ತಿಂಗಳು ನೂರಕ್ಕೆ ಎರಡು ರೂಪಾಯಿಯಂತೆ ಕೈಸಾಲ ತಂದರೆ? 66 ತಿಂಗಳಿಗೆ 20 ರೂಪಾಯಿಯಂತೆ 1,320. ಅವರಿಗೆ 682ರ ಬುಲೆಟ್ಟೇ ಅಗ್ಗ.

ಕೆಲವು ಕಡೆ ಬುಲೆಟ್ ಸಾಲಕ್ಕೂ ಸರಳ ಬಡ್ಡಿ ಹಾಕುತ್ತಾರೆ. ಆಗ ಕೊನೆಗೆ ಕಟ್ಟುವ ಬಡ್ಡಿ 12,000 ಮಾತ್ರ, ತಡಮಾಡಿದ್ದಕ್ಕೆ ಬಾಡಿಗೆಯೇ ಇಲ್ಲ. ಆದ್ದರಿಂದ ದರ ಎಷ್ಟು ಎಂದು ಕೇಳಿದರೆ ಸಾಲದು. ಬಡ್ಡಿಯನ್ನು ಅಸಲಿಗೆ ಎಷ್ಟು ದಿನಕ್ಕೊಮ್ಮೆ ಸೇರಿಸುತ್ತೀರಿ ಎಂದೂ ಕೇಳಬೇಕು. ಅದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿದೆ: "365ನೆಯ ದಿನ ಒಡವೆ ಬಿಡಿಸಲು ನಾನು ಎಷ್ಟು ರೂಪಾಯಿ ತರಬೇಕು?"

ತಿಂಗಳ ಬಡ್ಡಿಯ ಯೋಜನೆಯಲ್ಲೂ ಒಂದು ಮುಳ್ಳಿದೆ. ಕೆಲವು ಯೋಜನೆಗಳಲ್ಲಿ ಕಡಿಮೆ ದರ ಎನ್ನುವುದು 30 ದಿನದೊಳಗೆ ಬಡ್ಡಿ ಕಟ್ಟಿದವರಿಗೆ ಕೊಡುವ ರಿಯಾಯಿತಿ. ಕಟ್ಟದಿದ್ದರೆ ದರ ಮುಂದಿನ ಹಂತಕ್ಕೆ ಏರುತ್ತದೆ, ಅದೂ ಹಿಂದಿನ ಸಲ ಕಟ್ಟಿದ ದಿನದಿಂದಲೇ. ಆ ಹಂತ ಶೇಕಡಾ 16 ಎಂದುಕೊಳ್ಳಿ. ಒಂದು ತಿಂಗಳು ತಪ್ಪಿಸಿ 60ನೆಯ ದಿನ ಹೋದಿರಿ. ಶೇಕಡಾ 12ರಲ್ಲಿ 1,973 ಆಗುತ್ತಿದ್ದ ಬಡ್ಡಿ ಈಗ 2,630. ಹೆಚ್ಚಿಗೆ ತೆತ್ತದ್ದು 657 ರೂಪಾಯಿ. ವರ್ಷವಿಡೀ ಬುಲೆಟ್ಟಿಗೆ ಕೊಡುತ್ತಿದ್ದ ಹೆಚ್ಚುವರಿ ಮೊತ್ತವನ್ನು ಒಂದೇ ಮರೆವು ಹೆಚ್ಚು ಕಡಿಮೆ ನುಂಗಿಹಾಕಿತು. ತಾರೀಖು ಮರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಾನೂ ಆ ಪೈಕಿಯವನೇ.

ಇನ್ನೊಂದು ವಿಷಯ ಕೌಂಟರಿಗೆ ಬಂದ ಮೇಲೆಯೇ ಅನೇಕರಿಗೆ ಗೊತ್ತಾಗುವುದು: ಅದೇ ಒಡವೆಗೆ ಬುಲೆಟ್ಟಿನಲ್ಲಿ ಸಿಗುವ ಸಾಲ ಕಡಿಮೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಮನೆಖರ್ಚಿನಂಥ ಸ್ವಂತ ಅಗತ್ಯಕ್ಕೆ ಪಡೆಯುವ ಎರಡೂವರೆ ಲಕ್ಷದವರೆಗಿನ ಸಾಲ ಚಿನ್ನದ ಮೌಲ್ಯದ ಶೇಕಡಾ 85ನ್ನು ಮೀರುವಂತಿಲ್ಲ. ಬುಲೆಟ್ ಸಾಲದಲ್ಲಿ ಈ ಮಿತಿಗೆ ಹಿಡಿಯುವುದು ಇಂದು ಕೈಗೆ ಕೊಡುವ ಹಣವನ್ನಲ್ಲ, ಕೊನೆಯ ದಿನ ಬಡ್ಡಿ ಸೇರಿ ಕಟ್ಟಬೇಕಾದ ಒಟ್ಟು ಮೊತ್ತವನ್ನು.

ಸರದ ಬೆಲೆ ಒಂದೂವರೆ ಲಕ್ಷ ಎನ್ನೋಣ. ಹರಳು, ಮಜೂರಿ ಇದರಲ್ಲಿ ಸೇರುವುದಿಲ್ಲ, ಬರೀ ಚಿನ್ನದ ಬೆಲೆ. ಶೇಕಡಾ 85 ಎಂದರೆ 1,27,500. ತಿಂಗಳ ಬಡ್ಡಿಯಲ್ಲಾದರೆ ಅಷ್ಟೂ ಸಾಲ ಕೊಡಬಹುದು. ಬುಲೆಟ್ಟಿನಲ್ಲಿ 1,27,500 ಎನ್ನುವುದು ವರ್ಷದ ಕೊನೆಯ ಮೊತ್ತವಾಗಬೇಕು. ಅದನ್ನು 1.1268ರಿಂದ ಭಾಗಿಸಿದರೆ ಇಂದು ಕೈಗೆ ಬರುವುದು ಸುಮಾರು 1,13,150. ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ ಕೊರತೆ. ಶುಲ್ಕಕ್ಕೆ ಬೇಕಾದದ್ದು 1,20,000 ಆಗಿದ್ದರೆ, 682 ರೂಪಾಯಿಯ ಚರ್ಚೆಗೆ ಅಲ್ಲಿ ಜಾಗವೇ ಇಲ್ಲ.

ಇಂಥ ಬುಲೆಟ್ ಸಾಲಕ್ಕೆ 12 ತಿಂಗಳೇ ಗರಿಷ್ಠ ಅವಧಿ. ನವೀಕರಣ ಉಂಟು, ಆದರೆ ಅಷ್ಟರವರೆಗಿನ ಬಡ್ಡಿಯನ್ನು ಮೊದಲು ಕಟ್ಟಬೇಕು. ಹಿಂದೆ ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಚೀಟಿ ಬರೆಸಿಕೊಂಡು ಹೋಗುವವರಿದ್ದರು. ಹಾಗೆ ಮಾಡಿದರೆ ನಮ್ಮ ಒಂದು ಲಕ್ಷ ಎರಡನೆಯ ವರ್ಷದ ಕೊನೆಗೆ 1,26,973 ಆಗುತ್ತಿತ್ತು, ಒಡವೆ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಈಗ ನವೀಕರಿಸುವವರೂ ವರ್ಷದ ಕೊನೆಗೆ 12,682 ರೂಪಾಯಿ ನಗದು ಹೊಂದಿಸಲೇಬೇಕು. ಬುಲೆಟ್ ಆರಿಸಿಕೊಳ್ಳುವವರು ಆ ತಿಂಗಳನ್ನು ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿಕೊಳ್ಳಲಿ.

ಎರಡೆಳೆ ಸರದ ಆ ತಾಯಿ ನನ್ನ ಮಾತು ಕೇಳಿ ತಿಂಗಳ ಬಡ್ಡಿಗೇ ಸಹಿ ಹಾಕಿದರು. ಆಕೆಗೆ ತಿಂಗಳ ಆದಾಯ ಇದೆಯೇ ಎಂದು ನಾನು ಕೇಳಿರಲಿಲ್ಲ.

ನಮಸ್ಕಾರ.